ರೈಲ್ಸ್ ಟ್ಯೂಬ್ ಕಟ್ಟಿಕೊಂಡ ಸಂಜೆ

"ಸಿಸ್ಟರ್, ನೀರು ಇಳೀತಾನೇ ಇಲ್ಲ. ಜೋರಾಗಿ ಒತ್ತಲಾ?"

ಸಂಜೆ ಏಳಕ್ಕೆ ಫೋನ್ ಮಾಡಿದ್ದು ಪಾರ್ಶ್ವವಾಯು ಆದ ಮಾವನನ್ನು ನೋಡಿಕೊಳ್ಳುತ್ತಿದ್ದ ಸೊಸೆ. ಮೂಗಿನಿಂದ ಹೊಟ್ಟೆಗೆ ಊಟ ಇಳಿಸುವ ರೈಲ್ಸ್ ಟ್ಯೂಬ್ ಹಾಕಿಸಿಕೊಂಡು ಅವರು ಆಸ್ಪತ್ರೆಯಿಂದ ಮನೆಗೆ ಬಂದು ನಾಲ್ಕೇ ದಿನವಾಗಿತ್ತು. "ಒತ್ತಬೇಡಮ್ಮ, ಬರ್ತೀನಿ" ಅಂದು ಹೊರಟೆ.

ಹೋದವಳು ಮೊದಲು ನೋಡಿದ್ದು ಟ್ಯೂಬನ್ನಲ್ಲ, ಅಜ್ಜನನ್ನು. ಉಸಿರು ಸರಾಗವಾಗಿತ್ತು, ಕೆಮ್ಮು ಇರಲಿಲ್ಲ. ಆಮೇಲೆ ಮೂಗಿನ ಹೊಳ್ಳೆಯ ಹತ್ತಿರದ ಗುರುತು ನೋಡಿದೆ. ಆಸ್ಪತ್ರೆಯಲ್ಲಿ ಬರೆದುಕೊಟ್ಟಂತೆ 55 ಸೆಂಟಿಮೀಟರ್‌ನಲ್ಲೇ ಇತ್ತು. ಬಾಯಿಗೆ ಟಾರ್ಚ್ ಬಿಟ್ಟೆ, ಟ್ಯೂಬ್ ಒಳಗೆ ಸುರುಳಿ ಸುತ್ತಿರಲಿಲ್ಲ. ಹೊರಗೆಲ್ಲೂ ಮಡಚಿಕೊಂಡಿರಲಿಲ್ಲ. ಅಂದರೆ ಟ್ಯೂಬ್ ಜಾರಿಲ್ಲ, ಒಳಗೆ ಕಟ್ಟಿಕೊಂಡಿದೆ.

ಮಧ್ಯಾಹ್ನ ಏನು ಕೊಟ್ಟೆ ಅಂತ ಕೇಳಿದೆ. ರಾಗಿ ಗಂಜಿ. ಕೊನೆಗೆ ಉಳಿದ ಗಂಜಿಯಲ್ಲೇ ಗ್ಯಾಸ್ಟ್ರಿಕ್ ಮಾತ್ರೆ ಪುಡಿ ಮಾಡಿ ಕಲಸಿ ಕೊಟ್ಟಿದ್ದಳು. ನೀರು? "ಎರಡು ಚಮಚ ಹಾಕಿದೆ ಸಿಸ್ಟರ್."

ಮೂರೂ ಸೇರಿ ಕಟ್ಟಿದ್ದು ಅದು. ರಾಗಿ ಗಂಜಿ ಬಿಸಿಯಿದ್ದಾಗ ತೆಳ್ಳಗಿರುತ್ತದೆ, ಆರಿದಂತೆ ಗಟ್ಟಿಯಾಗುತ್ತದೆ. ಪಾತ್ರೆಯಲ್ಲಿ ಆಗುವುದೇ ಟ್ಯೂಬಿನ ಒಳಗೂ ಆಗುತ್ತದೆ. ಆ ಮಾತ್ರೆ ಪ್ಯಾಂಟೊಪ್ರಜೋಲ್. ಹೊಟ್ಟೆಯ ಆಮ್ಲದಲ್ಲಿ ಕರಗದಿರಲಿ ಅಂತ ಅದಕ್ಕೆ ಮೇಲೊಂದು ಲೇಪ ಇರುತ್ತದೆ. ಪುಡಿ ಮಾಡಿದರೆ ಲೇಪದ ಚೂರುಗಳು ಟ್ಯೂಬಿಗೆ ಅಂಟುತ್ತವೆ, ಔಷಧವೂ ಕೆಡುತ್ತದೆ. ಇಂಥ ಲೇಪದ ಮಾತ್ರೆ ಮತ್ತು ನಿಧಾನವಾಗಿ ಕರಗುವ ಮಾತ್ರೆಗಳನ್ನು ಕುಟ್ಟಲೇಬಾರದು. ಟ್ಯೂಬಿಗೆ ಹಾಕುವಂಥ ಬದಲಿ ಔಷಧ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಬೇಕು.

ನಾನು 50 ಮಿಲಿಯ ದೊಡ್ಡ ಸಿರಿಂಜ್ ತೆಗೆದುಕೊಂಡೆ. ಚಿಕ್ಕ ಸಿರಿಂಜ್‌ನಲ್ಲಿ ಒತ್ತಡ ಜಾಸ್ತಿ, ಟ್ಯೂಬ್ ಒಡೆಯಬಹುದು. ಮೊದಲು ಮೆಲ್ಲಗೆ ಹಿಂದಕ್ಕೆ ಎಳೆದೆ. ಆಮೇಲೆ ಉಗುರುಬೆಚ್ಚಗಿನ ನೀರು 20 ಮಿಲಿ ಹಾಕಿ, ಸ್ವಲ್ಪ ತಳ್ಳಿ, ಸ್ವಲ್ಪ ಎಳೆದು, ಹೀಗೇ ಆಡಿಸಿದೆ. ಬಿಡಲಿಲ್ಲ. ಟ್ಯೂಬಿನ ಬಾಯಿ ಮುಚ್ಚಿ ಹದಿನೈದು ನಿಮಿಷ ನೆನೆಯಲು ಬಿಟ್ಟೆ. ಎರಡನೇ ಸಲಕ್ಕೆ ಬಿಟ್ಟುಕೊಂಡಿತು. ಆಗಲೂ ಬಿಡದಿದ್ದರೆ ಆಸ್ಪತ್ರೆಗೆ ಹೋಗಿ ಟ್ಯೂಬ್ ಬದಲಿಸಬೇಕಿತ್ತು. ಕೋಲಾ, ಹಣ್ಣಿನ ರಸ ಹಾಕಬೇಡಿ. ತಂತಿ ತೂರಿಸುವುದಂತೂ ಬೇಡವೇ ಬೇಡ.

ಕಟ್ಟುವ ಮುಂಚೆ ಟ್ಯೂಬ್ ಸೂಚನೆ ಕೊಟ್ಟಿತ್ತು. ಕಾಲು ಗಂಟೆಯಲ್ಲಿ ಇಳಿಯುತ್ತಿದ್ದ 200 ಮಿಲಿ ಗಂಜಿಗೆ ಅವತ್ತು ಮಧ್ಯಾಹ್ನ ಅರ್ಧ ಗಂಟೆ ಹಿಡಿದಿತ್ತಂತೆ. ಇಳಿಯುವುದು ತಡವಾದರೆ, ನೀರು ತಳ್ಳುವಾಗ ಕೈಗೆ ಬಿಗಿ ಅನ್ನಿಸಿದರೆ, ಟ್ಯೂಬಿನ ಒಳಗೋಡೆಗೆ ಗಂಜಿ ಅಂಟಿದ್ದು ಕಂಡರೆ, ಆಗಲೇ ಬೆಚ್ಚಗಿನ ನೀರು ಹಾಕಿ ತೊಳೆಯಬೇಕು.

ತೊಳೆಯುವುದು ಅಂದರೆ ಚಮಚದ ಲೆಕ್ಕವಲ್ಲ. ದೊಡ್ಡವರಿಗೆ ಊಟಕ್ಕೆ ಮುಂಚೆ 30 ಮಿಲಿ, ಊಟವಾದ ಮೇಲೆ 30 ಮಿಲಿ. ಔಷಧಕ್ಕೂ ಹಾಗೇ. ಒಂದೊಂದು ಮಾತ್ರೆಯನ್ನೂ ಬೇರೆ ಬೇರೆಯಾಗಿ ನೀರಿನಲ್ಲಿ ಕದಡಿ ಕೊಡಿ, ನಡುವೆ ಸ್ವಲ್ಪ ನೀರು ಬಿಡಿ. ಟ್ಯೂಬ್ ಹೊಟ್ಟೆಯಲ್ಲೇ ಇದೆಯಾ ಅಂತ ಹೊಟ್ಟೆಯ ರಸ ಎಳೆದು ನೋಡಿದ ಮೇಲಂತೂ ನೀರು ಮರೆಯಬೇಡಿ. ಒಳಗೆ ಆಮ್ಲ ಉಳಿದು, ಮೇಲಿಂದ ಹಾಲು ಬಿದ್ದರೆ ಒಡೆದು ಗಟ್ಟಿಯಾಗುತ್ತದೆ. ಹುಳಿ ಹಿಂಡಿದ ಹಾಲಿನ ಹಾಗೆ. ಕಿಡ್ನಿ ಅಥವಾ ಹೃದಯದ ತೊಂದರೆಗೆ ನೀರು ಮಿತಿ ಮಾಡಿದ್ದರೆ, ಇದನ್ನೂ ಆ ಲೆಕ್ಕಕ್ಕೆ ಸೇರಿಸಿ ಡಾಕ್ಟರ ಹತ್ತಿರ ಕೇಳಿ.

ಅವತ್ತು ಇನ್ನೊಂದು ತಪ್ಪೂ ಕಂಡಿತು. ನನಗೆ ಹೆಚ್ಚು ಭಯ ಆಗಿದ್ದು ಅದನ್ನು ನೋಡಿಯೇ. ಅಜ್ಜನ ತಲೆಯ ಕೆಳಗೆ ಮಾತ್ರ ಮೂರು ದಿಂಬು ಇಟ್ಟಿದ್ದರು. ಕುತ್ತಿಗೆ ಬಾಗಿತ್ತು, ಬೆನ್ನು ಹಾಸಿಗೆಯಲ್ಲೇ ಇತ್ತು, ಹೊಟ್ಟೆ ಮಡಚಿತ್ತು. ಏಳಬೇಕಾದ್ದು ತಲೆಯಲ್ಲ, ಸೊಂಟದಿಂದ ಮೇಲಿನ ಮೈಯೆಲ್ಲ. 30ರಿಂದ 45 ಡಿಗ್ರಿ, ಅಂದರೆ ಒರಗು ಕುರ್ಚಿಯಲ್ಲಿ ಒರಗಿದ ಹಾಗೆ. ಬೆನ್ನಿನ ಕೆಳಗಿಂದಲೇ ದಿಂಬು ಜೋಡಿಸಿ, ಮಂಡಿ ಕೆಳಗೊಂದು ಇಟ್ಟರೆ ಜಾರುವುದಿಲ್ಲ. ಊಟವಾಗಿ ಒಂದು ಗಂಟೆ ಹಾಗೇ ಇರಲಿ. ಚಪ್ಪಟೆ ಮಲಗಿಸಿದರೆ ಗಂಜಿ ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಹುದು. ಡೈಪರ್ ಬದಲಿಸುವುದು, ಮಗ್ಗುಲು ತಿರುಗಿಸುವುದು ಎಲ್ಲ ಊಟಕ್ಕೆ ಮುಂಚೆಯೇ ಮುಗಿಸಿಬಿಡಿ.

ಊಟ ಕೊಡುವಾಗ ಕೆಮ್ಮು, ಉಬ್ಬಸ ಬಂದರೆ ಅಥವಾ ತುಟಿ ನೀಲಿಯಾದರೆ ತಕ್ಷಣ ನಿಲ್ಲಿಸಿ, ಕೂರಿಸಿಕೊಂಡು ಆಂಬುಲೆನ್ಸ್ ಕರೆಯಿರಿ. ಗುರುತು ಹೊರಗೆ ಬಂದಿದ್ದರೆ ಟ್ಯೂಬನ್ನು ನೀವೇ ಒಳಗೆ ತಳ್ಳಬೇಡಿ, ಹನಿ ನೀರೂ ಹಾಕಬೇಡಿ. ಒಂದು ಹೊತ್ತಿನ ಊಟ ತಪ್ಪಿದರೂ ಪರವಾಗಿಲ್ಲ, ಆಸ್ಪತ್ರೆಯಲ್ಲಿ ನೋಡಿ ಸರಿ ಇದೆ ಅಂದ ಮೇಲೇ ಕೊಡಿ.

ಮಾರನೇ ದಿನ ಆ ಸೊಸೆ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿ ತೆಳ್ಳಗೆ ಮಾಡಿದ್ದಳು. ಹನ್ನೆರಡು ನಿಮಿಷಕ್ಕೆ ಇಳಿಯಿತು.