ನಂಬರ್ ಬ್ರಾಂಚಿನದೇ, ಕರೆ ಮಾತ್ರ ಅಲ್ಲಿಂದ ಬಂದದ್ದಲ್ಲ

“ನಂಬರ್ ನಮ್ಮ ಬ್ರಾಂಚಿನದೇ ಸರ್, ನಾನೇ ಸೇವ್ ಮಾಡಿಟ್ಟದ್ದು” ಎಂದು ಆ ನಿವೃತ್ತ ಶಿಕ್ಷಕಿ ಮೂರು ಸಲ ಹೇಳಿದರು. ಮೈಸೂರಿನವರು. 2024ರ ಬೇಸಿಗೆಯಲ್ಲಿ ಅವರ ಮೊಬೈಲಿಗೆ 0821ರಿಂದ ಶುರುವಾಗುವ ಲ್ಯಾಂಡ್‌ಲೈನ್ ಕರೆ ಬಂದಿತ್ತು, ಪರದೆಯ ಮೇಲೆ ‘ಬ್ಯಾಂಕ್’ ಎಂಬ ಹೆಸರೂ ಮೂಡಿತ್ತು. ಆರು ನಿಮಿಷದ ಮಾತು, ಎರಡು ಓಟಿಪಿ, 48 ಸಾವಿರ ರೂಪಾಯಿ ಖಾಲಿ. ನಾನು ಆಗ ದೂರವಾಣಿ ಸಂಸ್ಥೆಯೊಂದರ ಸ್ವಿಚ್ ವಿಭಾಗದಲ್ಲಿದ್ದೆ; ಸ್ವಿಚ್ ಎಂದರೆ ಕರೆಗಳಿಗೆ ದಾರಿ ತೋರಿಸಿ ಮುಂದೆ ದಾಟಿಸುವ ಯಂತ್ರ. ಪೊಲೀಸರು ಕೇಳಿದ ಕರೆ ದಾಖಲೆ ತೆಗೆದುಕೊಡುವುದು ನನ್ನ ಕೆಲಸವಾಗಿತ್ತು.

ಅವರು ಹೇಳಿದ್ದು ಸುಳ್ಳಲ್ಲ. ದಾಖಲೆಯ ‘ಕರೆದವರು’ ಕಾಲಮ್ಮಿನಲ್ಲಿ ಬ್ರಾಂಚಿನ ನಂಬರೇ ಇತ್ತು. ಆದರೆ ಅದೇ ಸಾಲಿನಲ್ಲಿ ಇನ್ನೊಂದು ಕಾಲಮ್ ಇರುತ್ತದೆ: ಕರೆ ನಮ್ಮ ಜಾಲದೊಳಗೆ ಯಾವ ಟ್ರಂಕಿನಿಂದ, ಅಂದರೆ ಯಾವ ಬಾಗಿಲಿನಿಂದ ಬಂತು ಎಂಬುದು. ಮೈಸೂರಿನ ಲ್ಯಾಂಡ್‌ಲೈನಿನಿಂದ ಬಂದ ಕರೆಯಾದರೆ ದೇಶದೊಳಗಿನ ಟ್ರಂಕ್ ಇರಬೇಕು. ಅಲ್ಲಿದ್ದದ್ದು ಅಂತರರಾಷ್ಟ್ರೀಯ ಗೇಟ್‌ವೇ, ವಿದೇಶದಿಂದ ಬರುವ ಕರೆಗಳ ಬಾಗಿಲು. ಬ್ರಾಂಚಿನವರು ತಮ್ಮ ಕಡೆಯ ದಾಖಲೆ ತೆಗೆಸಿದಾಗ, ಆ ಹೊತ್ತಿನಲ್ಲಿ ಅವರ ಫೋನಿನಿಂದ ಶಿಕ್ಷಕಿಗೆ ಕರೆಯೇ ಹೋಗಿರಲಿಲ್ಲ.

ಇದು ಹೇಗೆ ಆಗುತ್ತದೆ? ಕರೆಯ ಜೊತೆ ಎರಡು ನಂಬರ್ ಸಾಗುತ್ತವೆ. ಯಾರಿಗೆ ಹೋಗಬೇಕು ಎಂಬುದು ಒಂದು, ಯಾರಿಂದ ಎಂಬುದು ಇನ್ನೊಂದು. ಮೊದಲನೆಯದು ತಪ್ಪಿದರೆ ಕರೆ ತಲುಪುವುದೇ ಇಲ್ಲ, ಹಾಗಾಗಿ ದಾರಿಯುದ್ದಕ್ಕೂ ಎಲ್ಲ ಸ್ವಿಚ್‌ಗಳೂ ಅದನ್ನು ನೋಡುತ್ತವೆ. ಎರಡನೆಯದು ಏನೇ ಇರಲಿ, ಕರೆ ತಲುಪುತ್ತದೆ. ಇಂಟರ್ನೆಟ್ ಕರೆಗಳಲ್ಲಿ ಅದು `From` ಎಂಬ ಒಂದು ಸಾಲು ಅಷ್ಟೆ, ಕಳುಹಿಸುವ ಯಂತ್ರವೇ ಬರೆಯುತ್ತದೆ. ಹಾಗೆ ಬರೆಯಲು ನ್ಯಾಯವಾದ ಕಾರಣವೂ ಇದೆ: ಕಾಲ್ ಸೆಂಟರಿನ ಇನ್ನೂರು ಮೇಜುಗಳಿಂದ ಹೋಗುವ ಕರೆಗಳೆಲ್ಲ ಒಂದೇ ನಂಬರ್ ತೋರಿಸಬೇಕಲ್ಲ! ಗ್ರಾಹಕ ಬರೆದುಕೊಟ್ಟ ನಂಬರ್ ಅವನದೇ ಹೌದೋ ಎಂದು ಮೊದಲ ಕಂಪನಿ ನೋಡಬೇಕು. ಅಲ್ಲಿ ಒಬ್ಬ ಕಣ್ಣುಮುಚ್ಚಿದರೆ, ಮುಂದಿನವರೆಲ್ಲ ಹಿಂದಿನವನನ್ನು ನಂಬಿ ದಾಟಿಸುತ್ತಾರೆ.

ಇನ್ನು ಹೆಸರಿನ ವಿಷಯ. ಅದು ಕರೆಯ ಜೊತೆ ಬಂದದ್ದೇ ಅಲ್ಲ. ಬಂದ ನಂಬರನ್ನು ಫೋನು ತನ್ನ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಹುಡುಕಿ, ಸಿಕ್ಕ ಹೆಸರು ತೋರಿಸಿತು. ಕಾಲರ್ ಐಡಿ ಆ್ಯಪ್‌ಗಳೂ ತಮ್ಮ ಪಟ್ಟಿಯಲ್ಲಿ ಇದನ್ನೇ ಮಾಡುತ್ತವೆ. ನಂಬರೇ ಖೋಟಾ ಆದಾಗ ಹೆಸರು ಆ ಖೋಟಾಕ್ಕೆ ಇನ್ನೊಂದು ಮೊಹರು ಒತ್ತುತ್ತದೆ. ಶಿಕ್ಷಕಿ ನಂಬಿದ್ದು ತಾವೇ ಟೈಪ್ ಮಾಡಿದ ಹೆಸರನ್ನು. ಸಿಮ್ ಕೊಳ್ಳುವಾಗ ಕೊಟ್ಟ ದಾಖಲೆಯಲ್ಲಿರುವ ಹೆಸರನ್ನು ಕಂಪನಿಯೇ ತೋರಿಸುವ ಸಿಎನ್‌ಎಪಿ ವ್ಯವಸ್ಥೆಯೂ ಹುಡುಕುವುದು ನಂಬರ್ ಹಿಡಿದೇ.

ಆ ವರ್ಷ ಅಕ್ಟೋಬರಿನಲ್ಲಿ ದೂರಸಂಪರ್ಕ ಇಲಾಖೆ ಒಂದು ಜರಡಿ ಹಾಕಿತು. ವಿದೇಶಿ ಬಾಗಿಲಿನಿಂದ ಬಂದು +91 ನಂಬರ್ ತೋರಿಸುವ ಕರೆಗಳನ್ನು ತಡೆಯುವುದು ಅದರ ಕೆಲಸ. ಮೊದಲ 24 ಗಂಟೆಯಲ್ಲೇ ಸುಮಾರು 1.35 ಕೋಟಿ ಕರೆಗಳು ಸಿಕ್ಕಿಬಿದ್ದವು. ಲ್ಯಾಂಡ್‌ಲೈನ್ ನಂಬರಾದರೆ ತೀರ್ಮಾನ ಸುಲಭ, ಅದು ವಿದೇಶ ಪ್ರವಾಸಕ್ಕೆ ಹೋಗುವುದಿಲ್ಲ! ಮೊಬೈಲಾದರೆ ಆ ಸಿಮ್ ನಿಜಕ್ಕೂ ರೋಮಿಂಗಿನಲ್ಲಿದೆಯೇ ಎಂದು ನೋಡಬೇಕು. ಆದರೆ ಈ ಜರಡಿ ಇರುವುದು ವಿದೇಶಿ ಬಾಗಿಲಿನಲ್ಲಿ ಮಾತ್ರ. ಸಿಮ್ ಬಾಕ್ಸ್ ಎಂಬ, ಒಟ್ಟಿಗೆ ಹಲವು ಸಿಮ್ ಹಾಕುವ ಯಂತ್ರ ಇಟ್ಟುಕೊಂಡವನು ಇಂಟರ್ನೆಟ್ಟಿನಲ್ಲಿ ಬಂದ ಕರೆಯನ್ನು ಇಲ್ಲಿನ ಬಾಡಿಗೆ ಕೋಣೆಯೊಂದರ ನೂರಾರು ಸಿಮ್‌ಗಳಿಂದ ಹೊರಬಿಡುತ್ತಾನೆ. ಆಗ ಕಾಣುವುದು ಖೋಟಾ ನಂಬರಲ್ಲ, ಬೇರೆ ಯಾರದೋ ಹೆಸರಿನ ನಿಜವಾದ ಸ್ಥಳೀಯ ನಂಬರ್. ಜರಡಿಗೆ ಅದು ಸಿಗುವುದಿಲ್ಲ.

ಕರೆ ಬರುತ್ತಿರುವಾಗ ನಿಮ್ಮ ಕೈಯಲ್ಲಿರುವ ಫೋನಿಗೆ ಟ್ರಂಕ್ ಕಾಣುವುದಿಲ್ಲ, ಆದ್ದರಿಂದ ಪರದೆ ನೋಡಿ ಹೇಳುವ ದಾರಿಯಿಲ್ಲ. ದಿಕ್ಕು ಬದಲಿಸಬಹುದು. ಇಟ್ಟುಬಿಟ್ಟು, ಅದೇ ನಂಬರಿಗೆ ನೀವೇ ಡಯಲ್ ಮಾಡಿದರೆ ಆ ನಂಬರ್ ಈಗ ‘ಯಾರಿಗೆ’ ಎಂಬ ಜಾಗಕ್ಕೆ ಬರುತ್ತದೆ, ಜಾಲ ಅದನ್ನು ನಿಜವಾದ ಒಡೆಯನಿಗೇ ಒಯ್ಯುತ್ತದೆ. ಎರಡು ಎಚ್ಚರ: ನಂಬರ್ ಮೊದಲೇ ಗೊತ್ತಿಲ್ಲದ್ದಾದರೆ ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂದೆಯೋ ಇರುವುದನ್ನು ನೋಡಿ ಒತ್ತಿ, ಸಿಮ್ ಬಾಕ್ಸಿನ ನಂಬರಿಗೆ ಮರುಕರೆ ಮಾಡಿದರೆ ಏನೂ ತಿಳಿಯದು. ಮತ್ತೆ, ಕರೆದವನು ಹೇಳಿದ ಆ್ಯಪ್ ಹಾಕಿಕೊಂಡಿದ್ದರೆ ಆ ಫೋನು ಬಿಟ್ಟು ಬೇರೆಯದರಿಂದ ಮಾಡಿ. ಹೊರಹೋಗುವ ಕರೆಯನ್ನೂ ತಿರುಗಿಸುವ ಆ್ಯಪ್‌ಗಳಿವೆ. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930.

ಶಿಕ್ಷಕಿ ಕೊನೆಗೆ ಕೇಳಿದ್ದು, “ಹಾಗಾದರೆ ಆ ನಂಬರ್ ಅಳಿಸಿಬಿಡಲಾ?”

“ಬೇಡಮ್ಮ, ಇಟ್ಟುಕೊಳ್ಳಿ” ಎಂದೆ. “ಅದು ನೀವು ಬ್ಯಾಂಕಿಗೆ ಫೋನ್ ಮಾಡಲು.”