ವಾರದಲ್ಲಿ ಬಿದ್ದ ಷೇರು ಮತ್ತು ಬಿದ್ದ ವಲಯ

ಒಂದು ವಾರದಲ್ಲಿ ಅತಿ ಹೆಚ್ಚು ಕುಸಿದ ಷೇರುಗಳನ್ನು ಕೊಂಡು ಮುಂದಿನ ವಾರ ಮಾರಿಬಿಡುವುದು ಹಳೆಯ ತಂತ್ರ. ಹೀಗೆ ಸೋತ ಷೇರುಗಳು ಅಲ್ಪಾವಧಿಯಲ್ಲಿ ಚೇತರಿಸಿಕೊಳ್ಳುತ್ತವೆ ಎಂಬುದನ್ನು 1990ರಲ್ಲಿ ಸಂಶೋಧಕರಾದ ಬ್ರೂಸ್ ಲೆಹ್ಮನ್ ವಾರದ ಲೆಕ್ಕದಲ್ಲಿ, ನರಸಿಂಹನ್ ಜಗದೀಶ್ ತಿಂಗಳ ಲೆಕ್ಕದಲ್ಲಿ ಅಮೆರಿಕದ ಮಾರುಕಟ್ಟೆಯಲ್ಲಿ ತೋರಿಸಿದರು.

ಕಾರಣ ಸರಳ. ದೊಡ್ಡ ಫಂಡ್ ಒಂದಕ್ಕೆ ತುರ್ತಾಗಿ ಹಣ ಬೇಕಾದರೆ ಅದು ಸಿಕ್ಕ ಬೆಲೆಗೆ ಮಾರುತ್ತದೆ. ಅಷ್ಟು ಷೇರನ್ನು ಒಮ್ಮೆಗೇ ಕೊಳ್ಳುವವರು ರಿಯಾಯಿತಿ ಕೇಳುತ್ತಾರೆ. ಮಾರಾಟದ ಒತ್ತಡ ತಗ್ಗಿದ ಮೇಲೆ ಬೆಲೆ ಮೇಲೇರುತ್ತದೆ, ಆ ರಿಯಾಯಿತಿಯೇ ಲಾಭ. ಆದರೆ ಕುಸಿತಕ್ಕೆ ನಿಜವಾದ ಕೆಟ್ಟ ಸುದ್ದಿ ಕಾರಣವಾಗಿದ್ದರೆ ಬೆಲೆ ಮರಳಬೇಕಾದ ಅಗತ್ಯವೇ ಇಲ್ಲ.

2023ರ ಮಾರ್ಚ್ 10ರ ಶುಕ್ರವಾರವನ್ನೇ ನೋಡಿ. ಆ ದಿನ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಚ್ಚಿತು. ಅಲ್ಲಿನ ದೊಡ್ಡ ಕಂಪನಿಗಳ ಎಸ್ ಆ್ಯಂಡ್ ಪಿ 500 ಸೂಚ್ಯಂಕದಲ್ಲಿ ಆ ವಾರ ಅತಿ ಹೆಚ್ಚು ಬಿದ್ದವರ ಪಟ್ಟಿಯ ಮೊದಲಲ್ಲೇ ಬ್ಯಾಂಕುಗಳಿದ್ದವು. ಫಸ್ಟ್ ರಿಪಬ್ಲಿಕ್ ಬ್ಯಾಂಕಿನ ಷೇರು ಬೆಲೆ ವಾರದಲ್ಲಿ ಸುಮಾರು ಮೂರನೇ ಒಂದು ಭಾಗ ಕರಗಿತ್ತು. ಅಗ್ಗವೆಂದು ಶುಕ್ರವಾರ ಕೊಂಡವರಿಗೆ ಸೋಮವಾರ ಒಂದೇ ದಿನ ಶೇ 60ಕ್ಕೂ ಹೆಚ್ಚು ನಷ್ಟ. ಸಿಗ್ನೇಚರ್ ಬ್ಯಾಂಕನ್ನಂತೂ ಭಾನುವಾರವೇ ಸರ್ಕಾರ ಮುಚ್ಚಿಸಿತು, ಮಾರಿ ಹೊರಬರುವ ದಾರಿಯೂ ಉಳಿಯಲಿಲ್ಲ. ಇವೆಲ್ಲ ದಿನವೂ ಭರ್ಜರಿ ವಹಿವಾಟು ನಡೆಯುತ್ತಿದ್ದ ಷೇರುಗಳು! ಕೊಳ್ಳಲು ಮಾರಲು ಸುಲಭ ಎಂದ ಮಾತ್ರಕ್ಕೆ ಸುರಕ್ಷಿತವಲ್ಲ.

ಇಂಥ ವಾರದಲ್ಲಿ ಬಿದ್ದವರ ಪಟ್ಟಿಯಿಂದ ಹತ್ತು ಷೇರು ಕೊಂಡೆ ಎಂದುಕೊಂಡವರು ವಾಸ್ತವದಲ್ಲಿ ಬ್ಯಾಂಕಿಂಗ್ ವಲಯದ ಮೇಲೆ ಒಂದೇ ಬಾಜಿ ಕಟ್ಟಿರುತ್ತಾರೆ. ಜೊತೆಗೆ, ಬಿಡಿ ಷೇರುಗಳಂತೆ ವಲಯಗಳು ಬೇಗ ಹಿಂತಿರುಗುವುದಿಲ್ಲ, ಬಿದ್ದ ವಲಯ ಇನ್ನಷ್ಟು ದಿನ ಬೀಳುವುದೇ ಹೆಚ್ಚು. ಹಾಗಾಗಿ ಷೇರಿನ ಏರಿಳಿತದಿಂದ ಅದರ ವಲಯದ ಸರಾಸರಿಯನ್ನು ಕಳೆದು ನೋಡಬೇಕು. ಬ್ಯಾಂಕ್ ಷೇರೊಂದು ಶೇ 12 ಬಿದ್ದು, ವಲಯವೇ ಶೇ 11 ಬಿದ್ದಿದ್ದರೆ ಅದರ ಸ್ವಂತ ಕುಸಿತ ಶೇ 1 ಮಾತ್ರ. ಔಷಧ ಷೇರೊಂದು ಶೇ 6 ಬಿದ್ದು, ವಲಯ ಶೇ 1 ಏರಿದ್ದರೆ ಸ್ವಂತ ಕುಸಿತ ಶೇ 7. ಕೊಳ್ಳಬೇಕಾದದ್ದು ಎರಡನೆಯದನ್ನು. ಇದಾದ ಮೇಲೂ ಒಂದು ವಲಯದಿಂದ ಎರಡು ಷೇರಿಗಿಂತ ಹೆಚ್ಚು ಬೇಡ ಎಂಬ ಮಿತಿ ಇಡುವುದು ಒಳ್ಳೆಯದು. ಆದರೆ ಆ ಔಷಧ ಕಂಪನಿಯದೇ ಪ್ರಯೋಗ ವಿಫಲವಾಗಿದ್ದರೆ ಈ ಲೆಕ್ಕ ಅದನ್ನು ಹಿಡಿಯುವುದಿಲ್ಲ. ಅಲ್ಲಿ ಸುದ್ದಿಯನ್ನೇ ಓದಬೇಕು.

ಹಳೆಯ ಬೆಲೆಗಳ ಮೇಲೆ ಪರೀಕ್ಷಿಸುವಾಗ ಇನ್ನೊಂದು ಮೋಸವಿದೆ. ಶುಕ್ರವಾರದ ಕೊನೆಯ ವಹಿವಾಟು ಮಾರುವವರ ತುರ್ತಿನಿಂದ ತುಸು ಕೆಳಗಿನ ಬೆಲೆಗೆ ನಡೆದಿದ್ದರೆ, ಮುಂದಿನ ವಹಿವಾಟಿನ ದಿನದ ಮಾಮೂಲಿ ಬೆಲೆಯೇ ಲಾಭದಂತೆ ಕಾಣುತ್ತದೆ. ಒಂದು ದಿನ ಬಿಟ್ಟು, ಸೋಮವಾರದ ಮುಕ್ತಾಯದ ಬೆಲೆಗೆ ಕೊಂಡಂತೆ ಲೆಕ್ಕಹಾಕಿದಾಗ ಲಾಭ ಮಾಯವಾದರೆ, ಅದು ಮೊದಲಿಗೇ ಇರಲಿಲ್ಲ.

ಭಾರತದಲ್ಲಿ ಇದನ್ನು ಮಾಡಲು ಹೊರಟವರಿಗೆ ಖರ್ಚೇ ದೊಡ್ಡ ಅಡ್ಡಿ. ಷೇರನ್ನು ಖಾತೆಗೆ ಪಡೆಯುವ ಡೆಲಿವರಿ ವಹಿವಾಟಿನಲ್ಲಿ ಕೊಳ್ಳುವಾಗ ಶೇ 0.1, ಮಾರುವಾಗ ಶೇ 0.1 ಎಸ್‌ಟಿಟಿ ಎಂಬ ಷೇರು ವಹಿವಾಟು ತೆರಿಗೆ ಕಟ್ಟಬೇಕು. ಪ್ರತಿ ವಾರ ಇಡೀ ಪಟ್ಟಿ ಬದಲಾದರೆ ವರ್ಷಕ್ಕೆ ಬಂಡವಾಳದ ಸುಮಾರು ಶೇ 10 ಈ ತೆರಿಗೆಯೊಂದಕ್ಕೇ ಹೋಗುತ್ತದೆ. ಬ್ರೋಕರೇಜ್, ಸ್ಟ್ಯಾಂಪ್ ಶುಲ್ಕ, ಲಾಭದ ಮೇಲಿನ ತೆರಿಗೆ ಬೇರೆ.