ದಡಾರದ ಲಸಿಕೆ, ಧನುರ್ವಾಯುವಿನ ಲಸಿಕೆ: ಮೆರಿಟ್ ಸರಕು ಎಂದರೆ ಏನು, ಏನಲ್ಲ

ಲಸಿಕೆಗೆ ಸರ್ಕಾರ ಯಾಕೆ ದುಡ್ಡು ಹಾಕುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ನಮ್ಮಲ್ಲಿ ತುಂಬಾ ಜನ ಒಂದೇ ಸಾಲು ಬರೆಯುತ್ತಾರೆ: "ಅದು ಮೆರಿಟ್ ಸರಕು, ಅದಕ್ಕೆ ಧನಾತ್ಮಕ ಬಾಹ್ಯ ಪರಿಣಾಮ ಇದೆ." ಮೆರಿಟ್ ಸರಕು ಎಂದರೆ ಜನ ತಾವಾಗಿ ಕೊಳ್ಳುವುದಕ್ಕಿಂತ ಜಾಸ್ತಿ ಬಳಸಲಿ ಎಂದು ಸರ್ಕಾರ ಒದಗಿಸುವ ವಸ್ತು. ಧನಾತ್ಮಕ ಬಾಹ್ಯ ಪರಿಣಾಮ ಎಂದರೆ ಒಬ್ಬರು ಬಳಸಿದ್ದರಿಂದ ಉಳಿದವರಿಗೂ ಸಿಗುವ ಲಾಭ. ಈ ಸಾಲಿನಲ್ಲಿ ಎರಡು ಬೇರೆ ಬೇರೆ ಕಾರಣಗಳಿವೆ. ಒಂದರಲ್ಲಿ ಜನರ ಆಯ್ಕೆಯನ್ನು ಸರ್ಕಾರ ಪೂರ್ತಿ ಒಪ್ಪಿಕೊಳ್ಳುತ್ತದೆ. ಇನ್ನೊಂದರಲ್ಲಿ ಅದೇ ಆಯ್ಕೆಯನ್ನು ಪ್ರಶ್ನೆ ಮಾಡುತ್ತದೆ. ಇವೆರಡನ್ನು ಬಿಡಿಸಿಕೊಂಡರೆ ಉಳಿದ ಪಾಠ ಸುಲಭ. ಬಿಡಿಸೋಕೆ ನಮ್ಮ ಆರೋಗ್ಯ ಉಪಕೇಂದ್ರದಲ್ಲಿ ಕೊಡುವ ಎರಡು ಲಸಿಕೆ ಸಾಕು.

ಮೊದಲು ದಡಾರ. ಯಾರಿಗೂ ರಕ್ಷಣೆ ಇಲ್ಲದ ಊರಿನಲ್ಲಿ ದಡಾರ ಬಂದ ಒಂದು ಮಗು ಸುಮಾರು 12ರಿಂದ 18 ಜನರಿಗೆ ಅದನ್ನು ಹರಡಬಲ್ಲದು. ಈ ಸಂಖ್ಯೆಗೆ R0 ಎನ್ನುತ್ತಾರೆ. ರೋಗ ಊರಲ್ಲಿ ಹಬ್ಬದೆ ತಾನಾಗಿ ನಿಲ್ಲಬೇಕಾದರೆ ಎಷ್ಟು ಜನರಿಗೆ ರಕ್ಷಣೆ ಇರಬೇಕು ಎನ್ನುವುದಕ್ಕೆ ಒಂದು ಸರಳ ಸೂತ್ರ ಇದೆ:

1 − 1/R0

R0 ಅನ್ನು 15 ಎಂದು ಹಿಡಿದರೆ ಉತ್ತರ ಸುಮಾರು ಶೇ 93. ಅಂದರೆ ನೂರರಲ್ಲಿ 93 ಜನರಿಗೆ ರಕ್ಷಣೆ ಇದ್ದರೆ ಉಳಿದ ಏಳು ಜನರೂ ಬಚಾವ್. ಆ ಏಳರಲ್ಲಿ ಇನ್ನೂ ಲಸಿಕೆಯ ವಯಸ್ಸು ಬಾರದ ಹಸುಗೂಸು ಇರಬಹುದು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು ಇರಬಹುದು.

ಈಗ ಎಲ್ಲ ತಿಳಿದ, ಲೆಕ್ಕಾಚಾರದಲ್ಲಿ ಗಟ್ಟಿಯಾದ ಒಬ್ಬ ತಂದೆಯನ್ನು ಊಹಿಸಿಕೊಳ್ಳಿ. ಊರಲ್ಲಿ ಹೆಚ್ಚಿನವರು ಲಸಿಕೆ ಹಾಕಿಸಿದ್ದಾರೆ, ನನ್ನ ಮಗುವಿಗೆ ದಡಾರ ಬರುವ ಸಂಭವ ಹೇಗೂ ಕಡಿಮೆ, ನಾನು ಯಾಕೆ ಒಂದು ದಿನದ ಕೆಲಸ ಬಿಡಬೇಕು ಎಂದು ಅವನು ಯೋಚಿಸಬಹುದು. ಅವನ ಮಟ್ಟಿಗೆ ಆ ಲೆಕ್ಕ ತಪ್ಪಲ್ಲ. ಆದರೆ ಅವನ ಮಗುವಿಗೆ ಹಾಕಿಸಿದ ಲಸಿಕೆಯಿಂದ ಪಕ್ಕದ ಮನೆಗೆ ಸಿಗುವ ಲಾಭ ಆ ಲೆಕ್ಕದಲ್ಲಿ ಇಲ್ಲ. ಹತ್ತು ಮನೆಯವರು ಹೀಗೇ ಯೋಚಿಸಿದರೆ ಶೇ 93 ಶೇ 80ಕ್ಕೆ ಇಳಿಯುತ್ತದೆ. ಇಲ್ಲಿ ಸಬ್ಸಿಡಿ ಮಾಡುವುದು ಪಕ್ಕದ ಮನೆಯ ಲಾಭವನ್ನು ಇವನ ಲೆಕ್ಕಕ್ಕೆ ಸೇರಿಸುವ ಕೆಲಸ, ಅಷ್ಟೇ. ನಿನಗೆ ಬುದ್ಧಿ ಇಲ್ಲ ಎಂದು ಸರ್ಕಾರ ಅವನಿಗೆ ಹೇಳುತ್ತಿಲ್ಲ. ಇದು ಬಾಹ್ಯ ಪರಿಣಾಮದ ವಾದ. ಇದಕ್ಕೆ ಪೆಟರ್ನಲಿಸಂ, ಅಂದರೆ ಜನರ ಒಳ್ಳೆಯದನ್ನು ಸರ್ಕಾರವೇ ಹಿರಿಯರಂತೆ ತೀರ್ಮಾನಿಸುವುದು, ಬೇಕೇ ಇಲ್ಲ.

ಇನ್ನು ಧನುರ್ವಾಯು. ಇದರ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಗಾಯದ ಮೂಲಕ ಒಳಗೆ ಹೋಗುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹಾಗಾಗಿ ಊರಿನ ಎಲ್ಲರೂ ಇದರ ಲಸಿಕೆ ಹಾಕಿಸಿಕೊಂಡು ಒಬ್ಬರು ಬಿಟ್ಟರೆ, ಆ ಒಬ್ಬರ ಅಪಾಯ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ಕೋಲಾರದಲ್ಲಿ ಹಸು ಸಾಕಿ, ಹಿಪ್ಪುನೇರಳೆ ಕಡ್ಡಿ ಕತ್ತರಿಸುವ ರೈತನ ಕೈಗೆ ಕುಡುಗೋಲು ತಾಗಿತು ಎನ್ನಿ. ಅವನು ಚುಚ್ಚುಮದ್ದು ಹಾಕಿಸಿಕೊಂಡರೆ ಲಾಭ ಅವನಿಗೆ, ಬಿಟ್ಟರೆ ನಷ್ಟ ಅವನಿಗೆ ಮತ್ತು ಅವನ ಮನೆಗೆ. ಬಾಹ್ಯ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಆದರೂ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ಪುಕ್ಕಟೆ ಕೊಡುತ್ತಾರೆ. ಯಾಕೆ?

ಮೆರಿಟ್ ಸರಕಿನ ವಾದ ಶುರುವಾಗುವುದು ಇಲ್ಲಿಂದ. ಅರ್ಥಶಾಸ್ತ್ರಜ್ಞ ರಿಚರ್ಡ್ ಮಸ್ಗ್ರೇವ್ 1950ರ ದಶಕದ ಕೊನೆಯಲ್ಲಿ ಇದನ್ನು ಸಿದ್ಧಾಂತದೊಳಗೆ ತಂದರು. ಜನ ತಾವಾಗಿ ಕೊಳ್ಳುವುದಕ್ಕಿಂತ ಜಾಸ್ತಿ ಬಳಸಲಿ ಎಂದು ಸಮಾಜ ತೀರ್ಮಾನಿಸಿ, ಬಜೆಟ್ಟಿನಿಂದ ಒದಗಿಸುವ ವಸ್ತುಗಳು ಇವು. ಶಾಲೆಯ ಊಟ, ಕಡಿಮೆ ಬೆಲೆಯ ಮನೆ, ಉಚಿತ ಶಿಕ್ಷಣ, ಇವು ಅವರೇ ಕೊಟ್ಟ ಉದಾಹರಣೆಗಳು. ಗ್ರಾಹಕನ ಆಯ್ಕೆಯೇ ಅಂತಿಮ ಎನ್ನುವ ನಿಯಮವನ್ನು ಇದು ಮೀರುತ್ತದೆ ಎಂಬುದೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಿನ್ನ ಒಳ್ಳೆಯದು ನಿನಗಿಂತ ನನಗೆ ಚೆನ್ನಾಗಿ ಗೊತ್ತು ಎಂದು ಸರ್ಕಾರ ಹಿರಿಯರ ಜಾಗದಲ್ಲಿ ಕೂರುವುದಕ್ಕೇ ಪೆಟರ್ನಲಿಸಂ ಎನ್ನುವುದು.

ಹಾಗಾದರೆ ಆ ಆಯ್ಕೆಯನ್ನು ಯಾವಾಗ ಅನುಮಾನಿಸಬಹುದು? ಮಾಹಿತಿ ಇಲ್ಲದಿದ್ದರೆ ಮಾಹಿತಿ ಕೊಟ್ಟರೆ ಸಾಕು, ಸಬ್ಸಿಡಿ ಬೇಕಾಗಿಲ್ಲ. ಗಟ್ಟಿಯಾದ ಕಾರಣ ಬೇರೆ ಇದೆ. ಜನ ತಾವೇ ಒಪ್ಪಿದ ಕೆಲಸವನ್ನು ಮುಂದಕ್ಕೆ ಹಾಕುತ್ತಾ ಹೋಗುತ್ತಾರೆ. ಇದನ್ನು ಲೆಕ್ಕ ಮಾಡಿ ನೋಡೋಣ. ಅಂಕಿಗಳು ನಾನು ಇಟ್ಟುಕೊಂಡವು.

ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ಕಡೆಯ ಒಂದು ಹಳ್ಳಿ. ಟೊಮೆಟೊ ತೋಟಕ್ಕೆ ಕೂಲಿಗೆ ಹೋಗುವ ತಾಯಿ, ದಿನಕ್ಕೆ 400 ರೂಪಾಯಿ. ಲಸಿಕೆ ಉಚಿತ. ಆದರೆ ಉಪಕೇಂದ್ರಕ್ಕೆ ಹೋಗಿಬರಲು ಅರ್ಧ ದಿನ, ಅಂದರೆ 200 ರೂಪಾಯಿ. ಆಟೋಗೆ 40. ಮಾರನೇ ದಿನ ಮಗುವಿಗೆ ಜ್ವರ ಬಂದರೆ ಇನ್ನೊಂದು ದಿನದ ಕೂಲಿ 400. ಒಟ್ಟು 640. ಮಗುವಿಗೆ ಮುಂದೆ ಸಿಗುವ ರಕ್ಷಣೆಗೆ ಆ ತಾಯಿಯೇ 1,000 ರೂಪಾಯಿ ಬೆಲೆ ಕಟ್ಟುತ್ತಾಳೆ ಎಂದುಕೊಳ್ಳಿ. 1,000 ಜಾಸ್ತಿ, 640 ಕಡಿಮೆ. ಹೋಗಬೇಕು ಅಲ್ವಾ?

ಆದರೆ ಇವತ್ತಿನ ಖರ್ಚು ಪೂರ್ತಿ ಕಾಣುತ್ತದೆ, ಮುಂದಿನದ್ದು ಮನಸ್ಸಿಗೆ ಅರ್ಧವಾಗಿ ಕಾಣುತ್ತದೆ. (ಜ್ವರದ ದಿನವನ್ನೂ ಇವತ್ತಿನ ಖರ್ಚಿಗೇ ಸೇರಿಸಿದ್ದೇನೆ, ಅದು ನಾಳೆಯೇ ಬರುವುದರಿಂದ.) ಇವತ್ತು ಹೊರಟರೆ ಖರ್ಚು 640, ಲಾಭ 500. ಬೇಡ ಅನ್ನಿಸುತ್ತದೆ. ಮುಂದಿನ ವಾರ ಹೋಗೋಣ ಎಂದರೆ ಖರ್ಚೂ ಅರ್ಧ, ಲಾಭವೂ ಅರ್ಧ: 320ಕ್ಕೆ 500. ಸರಿ, ಮುಂದಿನ ವಾರ ಖಂಡಿತ ಹೋಗೋಣ. ಮುಂದಿನ ವಾರ ಬಂದಾಗ ಅದು "ಇವತ್ತು" ಆಗಿರುತ್ತದೆ. ಮತ್ತೆ 640, ಮತ್ತೆ 500. ಆಕೆ ಲಸಿಕೆಯ ವಿರೋಧಿ ಅಲ್ಲ. ಪ್ರತಿ ವಾರವೂ ಮನಸ್ಸಿನಿಂದಲೇ ಮುಂದಿನ ವಾರಕ್ಕೆ ಒಪ್ಪುತ್ತಿದ್ದಾಳೆ. ದಿನ ಹೋಗುತ್ತದೆ, ಲಸಿಕೆ ಉಳಿಯುತ್ತದೆ.

ಈಗ ಆ ದಿನವೇ ಕೈಗೆ ಸುಮಾರು 150 ರೂಪಾಯಿಯ ಏನಾದರೂ ಸಿಕ್ಕಿದರೆ? 500ಕ್ಕೆ 150 ಸೇರಿ 650. 640ನ್ನು ದಾಟಿತು. ಆಕೆ ಹೊರಡುತ್ತಾಳೆ. 640ರ ಖರ್ಚಿಗೆ 1,000ದ ಲಾಭ ಸಾಕಾಗುತ್ತಿರಲಿಲ್ಲ ಎಂದಲ್ಲ, ಇವತ್ತಿಗೆ ಒಂದು ಸಣ್ಣ ತಳ್ಳು ಬೇಕಿತ್ತು.

ಇದು ಬರೀ ಕಾಗದದ ಲೆಕ್ಕವಲ್ಲ. ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಸೇವಾ ಮಂದಿರ ಸಂಸ್ಥೆಯ ಜೊತೆ ಇದನ್ನು ಪರೀಕ್ಷಿಸಿದರು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಏನೂ ಹೊಸದಾಗಿ ಮಾಡದ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಆದ ಮಕ್ಕಳು ಶೇ 6. ತಿಂಗಳು ತಿಂಗಳು ತಪ್ಪದೆ ಕ್ಯಾಂಪ್ ನಡೆಸಿದ ಹಳ್ಳಿಗಳಲ್ಲಿ ಶೇ 18. ಕ್ಯಾಂಪಿನ ಜೊತೆಗೆ ಪ್ರತಿ ಲಸಿಕೆಗೆ ಒಂದು ಕೆಜಿ ಬೇಳೆ, ಎಲ್ಲ ಮುಗಿದ ಮೇಲೆ ತಟ್ಟೆಗಳನ್ನು ಕೊಟ್ಟ ಹಳ್ಳಿಗಳಲ್ಲಿ ಶೇ 39. ಬೇಳೆ ಕೊಟ್ಟಿದ್ದರಿಂದ ಖರ್ಚು ಏರಬೇಕಿತ್ತು. ಆದರೆ ಪೂರ್ತಿ ಲಸಿಕೆ ಆದ ಒಂದು ಮಗುವಿಗೆ ತಗುಲಿದ ಖರ್ಚು ಸುಮಾರು ಅರ್ಧಕ್ಕೆ ಇಳಿಯಿತು. ನರ್ಸ್ ಕ್ಯಾಂಪಿಗೆ ಬಂದು ಕೂರುವ ಖರ್ಚು ಹತ್ತು ಮಕ್ಕಳಾದರೂ ಇಪ್ಪತ್ತು ಮಕ್ಕಳಾದರೂ ಒಂದೇ.

ಇದರ ಮಿತಿಯನ್ನೂ ಬರೆದುಕೊಳ್ಳಿ. ಶೇ 39 ಎಲ್ಲಿ, ದಡಾರಕ್ಕೆ ಬೇಕಾದ ಶೇ 93 ಎಲ್ಲಿ? ಬೇಳೆ ಮುಂದೂಡುವವರನ್ನು ಕರೆತರುತ್ತದೆ. ಲಸಿಕೆ ಬೇಡವೇ ಬೇಡ ಎನ್ನುವವರನ್ನು ಒಂದು ಕೆಜಿ ಬೇಳೆ ಒಲಿಸುವುದು ಕಷ್ಟ. ಇಬ್ಬರನ್ನೂ ಗುರುತಿಸುವ ದಾರಿ ತಾಯಿ ಕಾರ್ಡಿನಲ್ಲೇ ಇದೆ. ಐದು ರೋಗಗಳನ್ನು ತಡೆಯುವ ಪೆಂಟಾವಲೆಂಟ್ ಲಸಿಕೆಯ ಮೊದಲ ಡೋಸ್ 6ನೇ ವಾರದಲ್ಲಿ, ಆಮೇಲೆ 10 ಮತ್ತು 14ನೇ ವಾರಗಳಲ್ಲಿ ಇನ್ನೆರಡು. ಮೊದಲನೆಯದು ಬಿದ್ದು ಮೂರನೆಯದು ಖಾಲಿ ಇದ್ದರೆ ಅದು ಸಾಮಾನ್ಯವಾಗಿ ವಿರೋಧವಲ್ಲ. ಕೂಲಿ, ದೂರ, ಜ್ವರದ ಭಯ, ಮುಂದೂಡಿಕೆ, ಇಲ್ಲವೇ ಹೋದ ದಿನ ನರ್ಸ್ ಇರಲಿಲ್ಲ. ಮೊದಲನೆಯದೇ ಇಲ್ಲದಿದ್ದರೆ ಆ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ಕೂತು ಮಾತಾಡಬೇಕು. ಅಲ್ಲಿ ಬೇಕಾದದ್ದು ನಂಬಿಕೆ. ಒಂದೇ "ಲಸಿಕೆ ಆಗಿಲ್ಲ" ಎನ್ನುವ ಅಂಕಿಯಲ್ಲಿ ಈ ಎರಡೂ ಮನೆಗಳು ಸೇರಿಹೋಗುತ್ತವೆ. ಹಾಗೆ ಸೇರಿದಾಗಲೇ ತಪ್ಪು ಮದ್ದು ಕೊಡುವುದು.

ಮಕ್ಕಳ ವಿಷಯ ಬಂದಾಗ ಇನ್ನೊಂದು ಅಂಶ ಸೇರುತ್ತದೆ. ನನಗೆ ಇದೇ ಎಲ್ಲಕ್ಕಿಂತ ಬಲವಾದ ವಾದ ಅನ್ನಿಸುತ್ತದೆ. "ಜನ ಸ್ವತಂತ್ರವಾಗಿ ಆಯ್ಕೆ ಮಾಡಲಿ" ಎನ್ನುವಾಗ ಆಯ್ಕೆ ಮಾಡುವವರು ಅಪ್ಪ ಅಮ್ಮ, ಅನುಭವಿಸುವುದು ಮಗು. ಕುಡುಗೋಲು ತಾಗಿದ ರೈತನ ಮೇಲೆ ಸರ್ಕಾರ ಒತ್ತಡ ಹಾಕಿದರೆ ಅದು ಅಪ್ಪಟ ಪೆಟರ್ನಲಿಸಂ. ಮಗುವಿನ ಲಸಿಕೆಗೆ ಒತ್ತಾಯಿಸಿದರೆ ಅದು ಒಬ್ಬರ ತೀರ್ಮಾನದಿಂದ ಇನ್ನೊಬ್ಬರನ್ನು ಕಾಯುವುದು. ಗರ್ಭಿಣಿಗೆ ಕೊಡುವ ಧನುರ್ವಾಯು ಲಸಿಕೆಯೂ ಹೀಗೇ. ಅದು ಹುಟ್ಟುವ ಕೂಸನ್ನೂ ಕಾಯುತ್ತದೆ.

ಶಾಲೆಯನ್ನು ಅರ್ಥ ಮಾಡಿಕೊಳ್ಳಲು ಇದೇ ಕೀಲಿ. ಓದಿನಿಂದ ಸಿಗುವ ಸಂಬಳದ ಬಹುಪಾಲು ಓದಿದವರಿಗೇ ಹೋಗುತ್ತದೆ. ಹಾಗಾಗಿ ಬಾಹ್ಯ ಪರಿಣಾಮವೊಂದರಿಂದಲೇ ಇಷ್ಟು ದೊಡ್ಡ ಸಬ್ಸಿಡಿಯನ್ನು ಸಮರ್ಥಿಸುವುದು ದಡಾರದಷ್ಟು ಸುಲಭವಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಒಂದು ಮನೆ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಸೊಪ್ಪು ತಂದಷ್ಟೂ ಸಾಲದು. ಆಗ ಹದಿಮೂರು ವರ್ಷದ ಮಗಳ ಕೈ ಮನೆಗೆ ನಿಜವಾಗಿಯೂ ಬೇಕು. ಶಾಲೆ ಬಿಡಿಸಿದರೆ ಲಾಭ ಈ ಬೆಳೆಯಲ್ಲೇ, ಅಪ್ಪನ ಕೈಗೆ. ಓದಿಸಿದರೆ ಲಾಭ ಹತ್ತು ವರ್ಷದ ಮೇಲೆ, ಬಹುಶಃ ಅವಳು ಮದುವೆಯಾಗಿ ಹೋದ ಮನೆಗೆ. ಅವಳ ಮುಂದಿನ ಸಂಬಳವನ್ನು ಅಡ ಇಟ್ಟು ಬ್ಯಾಂಕಿನಲ್ಲಿ ಈಗ ಸಾಲ ಕೇಳುವ ಹಾಗಿಲ್ಲ. ಅಪ್ಪ ಕೆಟ್ಟವನಾಗಬೇಕಿಲ್ಲ. ಒಳ್ಳೆಯ ಅಪ್ಪನ ಲೆಕ್ಕವೂ ಶಾಲೆಗೆ ಎದುರಾಗಿ ನಿಲ್ಲಬಹುದು.

ಹಾಗಾದರೆ ದುಡ್ಡನ್ನೇ ಕೊಟ್ಟುಬಿಡಬಹುದಲ್ಲ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಬಡತನ ಮಾತ್ರ ಕಾರಣವಾದರೆ ದುಡ್ಡೇ ಸರಿ. ಮೆರಿಟ್ ವಾದವಾದರೆ ವಸ್ತುವಾಗಿಯೇ ಕೊಡಬೇಕು, ಅದೂ ಮಗು ಇರುವ ಜಾಗದಲ್ಲಿ. ಕರ್ನಾಟಕದಲ್ಲಿ 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಇದಕ್ಕೆ ಸರಿಯಾದ ಉದಾಹರಣೆ. ಕೋಲಾರದಂಥ ಜಿಲ್ಲೆಯಲ್ಲಿ ಹಸು ಇರುವ ಮನೆಯಲ್ಲೂ ಹಾಲು ಡೇರಿಗೆ ಹೋದರೆ ದುಡ್ಡು. ಶಾಲೆಯಲ್ಲಿ ಲೋಟದಲ್ಲಿ ಕೊಟ್ಟ 150 ಮಿಲಿ ಹಾಲು ಮಗುವಿನ ಹೊಟ್ಟೆಗೇ ಹೋಗುತ್ತದೆ. ಆದರೆ ಮನೆಯಲ್ಲಿ "ಶಾಲೆಯಲ್ಲಿ ಕುಡಿದು ಬಂದಿದ್ದಾನೆ" ಎಂದು ಸಂಜೆಯ ಹಾಲು ನಿಂತರೆ, ಸಬ್ಸಿಡಿಯ ಒಂದು ಭಾಗ ಡೇರಿಯ ಬಿಲ್ಲಿಗೇ ಹೋದಂತೆ. ಶಾಲೆಯಲ್ಲಿ ಎಷ್ಟು ಲೀಟರ್ ಹಂಚಿದರು ಎಂದು ಎಣಿಸಿದರೆ ಇದು ಗೊತ್ತಾಗುವುದಿಲ್ಲ. ಮಗು ದಿನಕ್ಕೆ ಒಟ್ಟು ಎಷ್ಟು ಕುಡಿಯಿತು ಎಂದು ಕೇಳಬೇಕು.

ಪೆಟರ್ನಲಿಸಂ ಎಲ್ಲಿ ಕೆಡುತ್ತದೆ ಎನ್ನುವುದಕ್ಕೆ ನಮ್ಮ ದೇಶದಲ್ಲೇ ಕಹಿ ಉದಾಹರಣೆ ಇದೆ. 1975-77ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಂತಾನಶಕ್ತಿ ಹರಣಕ್ಕೆ ಅಧಿಕಾರಿಗಳಿಗೆ ಟಾರ್ಗೆಟ್ ಕೊಟ್ಟರು. ಅದು ಜನರ ಒಳ್ಳೆಯದಕ್ಕೇ ಎಂದು ಹೇಳಿದರು. ನಡೆದದ್ದು ಬಲವಂತ. ಬೇಳೆಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿಯಲು ಒಂದೇ ಪ್ರಶ್ನೆ ಕೇಳಿ: "ಬೇಡ" ಎಂದ ವ್ಯಕ್ತಿಗೆ ಏನಾಗುತ್ತದೆ? ಬೇಳೆ ಬೇಡ ಎಂದವಳು ಹಿಂದಿದ್ದ ಸ್ಥಿತಿಯಲ್ಲೇ ಇರುತ್ತಾಳೆ. ರೇಷನ್ನೋ ಸಂಬಳವೋ ತಪ್ಪುತ್ತದೆ ಎಂದರೆ ಅದು ಸಬ್ಸಿಡಿಯೇ ಅಲ್ಲ, ದಂಡ.

ಶಿಕ್ಷಣ ಹಕ್ಕು ಕಾಯ್ದೆಯನ್ನು ಈ ಪ್ರಶ್ನೆ ಇಟ್ಟುಕೊಂಡು ಓದಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ "ಉಚಿತ ಮತ್ತು ಕಡ್ಡಾಯ" ಎನ್ನುತ್ತದೆ. ಆದರೆ ಕಡ್ಡಾಯದ ಹೊರೆ ಇರುವುದು ಸರ್ಕಾರದ ಮೇಲೆ. ಮಗುವನ್ನು ಸೇರಿಸುವುದು ಪೋಷಕರ ಕರ್ತವ್ಯ ಎಂದು ಹೇಳಿದರೂ, ಸೇರಿಸದ ಪೋಷಕರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. 14 ದಾಟಿದ ಮೇಲೆ ಅಷ್ಟೂ ಇಲ್ಲ. ಶಿಡ್ಲಘಟ್ಟದ ಆ ಮಗಳು ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳ ಕೈಯ ಬೆಲೆ ಮನೆಯಲ್ಲಿ ಇನ್ನೂ ಏರಿರುತ್ತದೆ, ಹೈಸ್ಕೂಲೂ ದೂರ ಇರಬಹುದು. ಸರಿಯಾಗಿ ಅಲ್ಲಿಗೆ ಕಾನೂನಿನ ಕೈ ನಿಲ್ಲುತ್ತದೆ. ಆಮೇಲೆ ಸರ್ಕಾರದ ಬಳಿ ಉಳಿಯುವುದು ಬಸ್ ಪಾಸ್, ಹಾಸ್ಟೆಲ್, ವಿದ್ಯಾರ್ಥಿವೇತನದಂಥ ಸಬ್ಸಿಡಿ ಮತ್ತು ಮನೆಯವರನ್ನು ಒಪ್ಪಿಸುವ ಮೇಷ್ಟ್ರು.